ಅಪಾರ್ಟ್‌ಮೆಂಟ್ ಗುಂಪಿಗೆ ಹೋದ ಪ್ರೀತಿಯ ಮೆಸೇಜು

(ಬೆಂಗಳೂರಿನ ಜಯನಗರದಲ್ಲಿ ಯುವಜನರ ಮುಂದೆ ಆಡಿದ ಮಾತುಗಳ ಬರಹ ರೂಪ)

ತಪ್ಪು ಜಾಗಕ್ಕೆ ಹೋದ ಮೆಸೇಜಿನ ವಿಷಯ ಬಂದರೆ ಎಲ್ಲರೂ ಮೊದಲು ಕೇಳುವುದು ಒಂದೇ. ಅಳಿಸಬೇಕಾ, ಬೇಡ್ವಾ? ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಆ ಮೆಸೇಜು ಓದಿದವರು ಅದನ್ನು ಯಾರಿಗೆ ಬರೆದದ್ದು ಅಂದುಕೊಂಡರು? ದಂಪತಿಗಳ ಜತೆ, ಮದುವೆ ಗೊತ್ತಾದವರ ಜತೆ ಕೂತು ಮಾತಾಡುವುದು ನನ್ನ ಕೆಲಸ. ಇಂಥ ಪ್ರಸಂಗಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಬಂದವರಲ್ಲಿ ಹೆಚ್ಚಿನವರಿಗೆ ತಮ್ಮ ಮಾನದ್ದೇ ಚಿಂತೆ. ಆದರೆ ಅಲ್ಲಿ ಇನ್ನೊಬ್ಬರು ಸಿಕ್ಕಿಹಾಕಿಕೊಂಡಿರುತ್ತಾರೆ. ಅವರ ಕಡೆ ಯಾರೂ ನೋಡುವುದಿಲ್ಲ.

ಮದುವೆ ಗೊತ್ತಾದ ಒಬ್ಬ ಹುಡುಗಿಯ ಪ್ರಸಂಗ ಹೇಳುತ್ತೇನೆ. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ.

ವಿಜಯನಗರದ ಕಡೆ ಒಂದು ಅಪಾರ್ಟ್‌ಮೆಂಟು. ಅಲ್ಲಿನ ವಾಟ್ಸಾಪ್ ಗುಂಪಿನಲ್ಲಿ ಹುಡುಗರಿಂದ ಹಿಡಿದು ಅಜ್ಜ ಅಜ್ಜಿಯರವರೆಗೆ ಎಲ್ಲರೂ ಇದ್ದಾರೆ. ಅವತ್ತು ಸಂಪ್ ಕ್ಲೀನ್ ಮಾಡಿಸಿದ್ದರು. ಸಂಜೆಯಿಡೀ ಅದೇ ಮಾತು. ಮೋಟಾರ್ ಯಾವಾಗ ಹಾಕ್ತೀರಿ, ಕಾವೇರಿ ನೀರು ಎಷ್ಟು ಹೊತ್ತಿಗೆ ಬಿಡ್ತಾರೆ, ಟ್ಯಾಂಕರ್ ಹೇಳಬೇಕಾ, ಹೀಗೆ. ಅಸೋಸಿಯೇಷನ್ನಿನ ಸೆಕ್ರೆಟರಿ ನಿವೃತ್ತರು, ಶ್ರದ್ಧೆಯ ಮನುಷ್ಯ. ಸಂಪಿನ ಪಕ್ಕ ನಿಂತು ತೆಗೆಸಿಕೊಂಡ ಒಂದು ಫೋಟೋ ಹಾಕಿದರು, ಕೆಲಸ ಆಯಿತು ಅನ್ನುವುದಕ್ಕೆ ಸಾಕ್ಷಿಯಾಗಿ. ಅವರು ಹಾಕಿಕೊಂಡಿದ್ದು ನೀಲಿ ಶರ್ಟು.

ಇದೇ ಹುಡುಗಿ ಆ ಹೊತ್ತಿಗೆ ತನ್ನ ಭಾವಿ ಗಂಡನಿಗೆ ಬರೆಯಲು ಹೊರಟಿದ್ದಳು. ಪಟ್ಟಿಯಲ್ಲಿ ಅವನ ಹೆಸರು ಮೇಲೆ ಇತ್ತು, ಬೆರಳು ಅಲ್ಲಿಗೇ ಹೋಯಿತು. ಅಷ್ಟರಲ್ಲಿ ಸೆಕ್ರೆಟರಿಯವರ ಫೋಟೋ ಬಂತು. ಹೊಸ ಮೆಸೇಜು ಬಂದ ಗುಂಪು ಮೇಲಕ್ಕೆ ಹಾರುತ್ತದೆ, ಮೊದಲು ಮೇಲಿದ್ದ ಹೆಸರು ಒಂದು ಸಾಲು ಕೆಳಗೆ ಇಳಿಯುತ್ತದೆ. ಬೆರಳು ಮಾತ್ರ ಹಳೇ ಜಾಗವನ್ನೇ ಮುಟ್ಟುತ್ತದೆ. ನಾನು ಕೇಳಿದ ಪ್ರಸಂಗಗಳಲ್ಲಿ ಈ ಪಟ್ಟಿ ಸರಿಯುವ ಕಾರಣ ಮತ್ತೆ ಮತ್ತೆ ಬರುತ್ತದೆ. ಆಕೆ ತೆರೆದುಕೊಂಡ ಚಾಟಿನ ಹೆಸರು ನೋಡಲಿಲ್ಲ, ಬರೆದು ಕಳಿಸಿಬಿಟ್ಟಳು:

“ಆ ನೀಲಿ ಶರ್ಟಲ್ಲಿ ನಿನ್ನ ನೋಡಿದ ಮೇಲೆ ಊಟಾನೇ ಸೇರ್ತಿಲ್ಲ ಕಣೋ. ಯಾವಾಗ ಸಿಗ್ತೀಯಾ?”

ನೀವು ನಗುತ್ತಿದ್ದೀರಿ, ನಗಬಹುದು, ಆಕೆಯೂ ಈಗ ನಗುತ್ತಾಳೆ. ಆದರೆ ಏನಾಯಿತು ನೋಡಿ. ಮೆಸೇಜಿನಲ್ಲಿ ಯಾರ ಹೆಸರೂ ಇಲ್ಲ. ಅದು ಬಿದ್ದದ್ದು ಸೆಕ್ರೆಟರಿಯವರ ನೀಲಿ ಶರ್ಟಿನ ಫೋಟೋದ ಸರಿಯಾಗಿ ಕೆಳಗೆ. ಗುಂಪಿನಲ್ಲಿ ಬಂದ ಮಾತಿಗೆ ವಿಳಾಸ ಇಲ್ಲದಿದ್ದರೆ ಓದುವವರು ಅದನ್ನು ತಕ್ಷಣ ಹಿಂದೆ ಮಾತಾಡಿದವರಿಗೆ ಕೊಟ್ಟುಬಿಡುತ್ತಾರೆ. ಬೇಕಂತ ಮಾಡುವುದಲ್ಲ, ನಾವು ಸಾಲು ಸಾಲಾಗಿ ಓದುವ ರೀತಿಯೇ ಹಾಗೆ. ಹಾಗಾಗಿ ಒಂದು ಕ್ಷಣದಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರನ್ನು, ಅವರ ಹೆಂಡತಿ ಸೊಸೆ ಎಲ್ಲ ಇರುವ ಗುಂಪಿನಲ್ಲಿ, ಪಕ್ಕದ ಬ್ಲಾಕಿನ ಹುಡುಗಿ “ಕಣೋ” ಅಂದ ಹಾಗಾಯಿತು.

ಈಗ ಅಳಿಸುವ ವಿಷಯಕ್ಕೆ ಬರೋಣ. ಆಕೆ ಒಂದು ನಿಮಿಷದೊಳಗೆ ಅಳಿಸಿದಳು. ಗಾಬರಿಯಲ್ಲಿ ಮೊದಲು ಒತ್ತಿದ್ದು Delete for me. ಅದನ್ನು ಒತ್ತಿದರೆ ಮೆಸೇಜು ನಿಮ್ಮ ಫೋನಿನಿಂದ ಮಾತ್ರ ಹೋಗುತ್ತದೆ, ಮಿಕ್ಕವರೆಲ್ಲರ ಫೋನಿನಲ್ಲಿ ಹಾಗೇ ಇರುತ್ತದೆ. ಆಮೇಲೆ ಎಲ್ಲರಿಗೂ ಅಳಿಸೋಣ ಅಂದರೆ ಹಿಡಿದು ಒತ್ತುವುದಕ್ಕೆ ನಿಮ್ಮ ಫೋನಿನಲ್ಲಿ ಮೆಸೇಜೇ ಇರುವುದಿಲ್ಲ. ಇದಕ್ಕೆ 2022ರ ಕೊನೆಯಲ್ಲಿ ವಾಟ್ಸಾಪ್ ಒಂದು ಉಪಾಯ ತಂದಿತು. Delete for me ಒತ್ತಿದ ಮೇಲೆ ಐದು ಸೆಕೆಂಡು ಪರದೆಯ ಕೆಳಗೆ Undo ಅಂತ ಕಾಣುತ್ತದೆ. ಆಕೆಯ ಅದೃಷ್ಟ, ಅದು ಕಣ್ಣಿಗೆ ಬಿತ್ತು. Undo ಒತ್ತಿ, ಆಮೇಲೆ Delete for everyone ಒತ್ತಿದಳು. ಎಲ್ಲರಿಗೂ ಅಳಿಸುವುದಕ್ಕೆ ಈಗ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿಯೇ ಸಮಯ ಇದೆ. ಹಾಗಾಗಿ ಕೈ ನಡುಗುವಾಗ ಓಡಬೇಕಾಗಿಲ್ಲ. ಒಂದು ಉಸಿರು ತೆಗೆದುಕೊಂಡು, ಸರಿಯಾದ ಸಾಲು ಓದಿ ಒತ್ತಿ.

ಅಳಿಸುವ ಮೊದಲು ಒಂದು ಕೆಲಸ ಮಾಡಿ. ಮೆಸೇಜನ್ನು ಹಿಡಿದು ಒತ್ತಿ Info ನೋಡಿ. ಯಾರು ಓದಿದರು, ಯಾರಿಗೆ ತಲುಪಿದೆ ಅಂತ ಅಲ್ಲಿ ಇರುತ್ತದೆ. ನೀಲಿ ಟಿಕ್ ಆಫ್ ಮಾಡಿಕೊಂಡವರ ಹೆಸರೂ ಗುಂಪಿನಲ್ಲಿ ಸಿಗುತ್ತದೆ, ಏಕೆಂದರೆ ಗುಂಪಿನ ಮಟ್ಟಿಗೆ ಆ ಆಫ್ ಕೆಲಸ ಮಾಡುವುದಿಲ್ಲ. ಆದರೆ ಆ ಪಟ್ಟಿ ಪೂರ್ತಿ ನಿಜ ಹೇಳುವುದಿಲ್ಲ. ಫೋನ್ ಮೇಜಿನ ಮೇಲೆ ಇದ್ದಾಗ ಮೇಲ್ಗಡೆ ಬರುವ ನೋಟಿಫಿಕೇಷನ್ನಿನಲ್ಲೇ ಓದಿದವರು “ಓದಿದವರ” ಲೆಕ್ಕಕ್ಕೆ ಬರುವುದಿಲ್ಲ. ಅವರು ಗುಂಪನ್ನು ತೆರೆದೇ ಇಲ್ಲವಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಗುಂಪಿನ ಮೆಸೇಜು ಓದುವುದು ಹೆಚ್ಚಾಗಿ ಹೀಗೇ ಅಲ್ವಾ? ಆದ್ದರಿಂದ ನಾಲ್ಕು ಜನ ಓದಿದ್ದಾರೆ ಅಂತ ತೋರಿಸಿದರೆ ಅದಕ್ಕಿಂತ ಹೆಚ್ಚು ಜನ ನೋಡಿದ್ದಾರೆ ಅಂತಲೇ ಇಟ್ಟುಕೊಳ್ಳಿ.

ಇನ್ನು Edit. ಕಳಿಸಿದ ಮೇಲೆ ಹದಿನೈದು ನಿಮಿಷದ ತನಕ ಮೆಸೇಜು ತಿದ್ದಬಹುದು, ಈ ಸೌಲಭ್ಯ 2023ರಲ್ಲಿ ಬಂತು. ಕೆಲವರು ಇದನ್ನು ಜಾಣತನ ಅಂದುಕೊಂಡು “ಊಟಾನೇ ಸೇರ್ತಿಲ್ಲ” ಅನ್ನುವುದನ್ನು “ನೀರು ಸರಿಯಾಗಿ ಬರ್ತಿಲ್ಲ” ಅಂತ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ತಿದ್ದಿದ ಮೆಸೇಜಿನ ಪಕ್ಕ Edited ಅಂತ ಎಲ್ಲರಿಗೂ ಕಾಣುತ್ತದೆ. ಮೊದಲಿನದನ್ನು ಓದಿದ ಒಬ್ಬರು ಇದ್ದರೂ ಸಾಕು, ಇದುವರೆಗೆ ಬರೀ ಎಡವಟ್ಟಾಗಿದ್ದದ್ದು ಈಗ ಸುಳ್ಳಾಗುತ್ತದೆ. ಎಡವಟ್ಟನ್ನು ಜನ ಕ್ಷಮಿಸುತ್ತಾರೆ. ತಮ್ಮನ್ನು ಪೆದ್ದರು ಮಾಡಲು ನೋಡಿದರೆ ಕ್ಷಮಿಸುವುದಿಲ್ಲ.

ಹಾಗಾದರೆ ಆಕೆ ಅಳಿಸಿದ್ದು ಸರಿಯೇ? ಸರಿ. ಆದರೆ ಅಳಿಸಿದ್ದರಿಂದ ಪ್ರಸಂಗ ಮುಗಿಯಲಿಲ್ಲ. ಅಳಿಸಿದ ಜಾಗದಲ್ಲಿ ಮೆಸೇಜು ಅಳಿಸಲಾಗಿದೆ ಅನ್ನುವ ಒಂದು ಸಾಲು ಉಳಿಯುತ್ತದೆ, ಪಕ್ಕದಲ್ಲಿ ಕಳಿಸಿದವರ ಹೆಸರೂ ಇರುತ್ತದೆ. ನೋಡಿದವರಿಗೆ ಏನಿತ್ತು ಅಂತ ಗೊತ್ತು. ನೋಡದವರು ಕೇಳುತ್ತಾರೆ. ಅಲ್ಲೂ ಹಾಗೇ ಆಯಿತು. ಒಬ್ಬರು “ಏನಮ್ಮಾ ಡಿಲೀಟ್ ಮಾಡಿದ್ರಿ?” ಅಂದರು. ಇನ್ನೊಬ್ಬರು ನಗುವ ಎಮೋಜಿ ಹಾಕಿದರು. ಎರಡು ಮನೆಯವರು ಫೋನಿನಲ್ಲಿ ಮಾತಾಡಿಕೊಂಡರು. ಈ ಮಾತುಗಳಲ್ಲಿ ಅವಳ ಭಾವಿ ಗಂಡ ಎಲ್ಲೂ ಇಲ್ಲ. ಇದ್ದದ್ದು ಸೆಕ್ರೆಟರಿ ಮಾತ್ರ. ಅವಳು ಸುಮ್ನೆ ಇದ್ದಷ್ಟು ಹೊತ್ತೂ ಪೆಟ್ಟು ಬೀಳುತ್ತಿದ್ದದ್ದು ಅವರಿಗೆ.

ಅಳಿಸುವುದರ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಮೆಸೇಜಿನಲ್ಲಿ ಖಾಸಗಿ ಫೋಟೋ ಇದ್ದರೆ, ಮೈ ಮಾತಿದ್ದರೆ, ಇನ್ನೊಬ್ಬರ ಹೆಸರಿದ್ದರೆ, ಯಾರು ಓದಿದ್ದಾರೆ ಅಂತ ನೋಡುವುದಕ್ಕೂ ನಿಲ್ಲದೆ ಕೂಡಲೇ ಅಳಿಸಿ. ಬರೀ ತುಂಟತನದ ಸಾಲಾದರೆ ಅಳಿಸಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಯಾವುದೇ ಆಗಲಿ, ಅದರ ಕೆಳಗೆ ನಿಮ್ಮ ಮಾತು ಬರಲೇಬೇಕು. ಕೆಲವೇ ನಿಮಿಷಗಳಲ್ಲಿ ಬರಬೇಕು.

ಆ ಮಾತು ಹೇಗಿರಬೇಕು? ಆಕೆ ಮೂರು ಸಲ ಬರೆದಳು. ಕಳಿಸದೆ ಬಿಟ್ಟ ಎರಡನ್ನೂ ನನಗೆ ತೋರಿಸಿದಳು. ಮೊದಲನೆಯದು ಹೀಗಿತ್ತು: “ಸಾರಿ, ನಮ್ಮ ಅಕ್ಕನ ಮಗಳು ಫೋನ್ ತಗೊಂಡು ಏನೋ ಕಳಿಸಿಬಿಟ್ಟಿದ್ದಾಳೆ.” ಎಂಟು ವರ್ಷದ ಮಗುವಿನ ಮೇಲೆ ಹಾಕಿದ ಸುಳ್ಳು. ಆ ಮಗು ನಾಳೆ ಲಿಫ್ಟಿನಲ್ಲಿ ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತದೆ. ಎಂಟು ವರ್ಷದ ಮಗು ನೀಲಿ ಶರ್ಟಿನ ಬಗ್ಗೆ ಹೀಗೆ ಬರೆಯುವುದೂ ಇಲ್ಲ. ಫೋನ್ ಹ್ಯಾಕ್ ಆಗಿದೆ, ಫ್ರೆಂಡ್ಸ್ ಜತೆ ಬೆಟ್ ಕಟ್ಟಿದ್ದೆ, ಇವೆಲ್ಲ ಇದೇ ಜಾತಿ. ಇಂಥ ಸುಳ್ಳು ನಿಲ್ಲಬೇಕಾದರೆ ಇನ್ನೊಬ್ಬರು ಅದನ್ನು ಹೊರಬೇಕು. ಆ ಇನ್ನೊಬ್ಬರನ್ನು ನೀವು ಕೇಳಿಯೇ ಇರುವುದಿಲ್ಲ.

ಎರಡನೆಯದು ನಿಜವಾಗಿತ್ತು, ಆದರೆ ಒಂದು ಪುಟ ಇತ್ತು. ಸಾರಿ, ದಯವಿಟ್ಟು ಕ್ಷಮಿಸಿ, ತುಂಬಾ ನಾಚಿಕೆಯಾಗಿದೆ, ನನ್ನ ಬಗ್ಗೆ ತಪ್ಪು ತಿಳಿಯಬೇಡಿ, ಸಾಲಿಗೊಂದು ಕೈಮುಗಿಯುವ ಎಮೋಜಿ. ಇದರ ತೊಂದರೆ ಬೇರೆ ಥರ. ಓದಿದವರೆಲ್ಲ ಈಗ ಅವಳನ್ನು ಸಮಾಧಾನ ಮಾಡಬೇಕು. “ಪರವಾಗಿಲ್ಲ ಬಿಡಮ್ಮ” ಅಂತ ಮೂವತ್ತು ಜನ ಬರೆಯುತ್ತಾರೆ. ನೋಡದೇ ಇದ್ದವರೂ ಮೇಲಕ್ಕೆ ಹೋಗಿ ಹುಡುಕುತ್ತಾರೆ. ಚಿಕ್ಕದು ದೊಡ್ಡದಾಗುತ್ತದೆ.

ಮೂರನೆಯದನ್ನು ಕಳಿಸಿದಳು:

“ಈಗ ಅಳಿಸಿದ್ದು ನನ್ನ ಭಾವಿ ಗಂಡನಿಗೆ ಬರೆದ ಮೆಸೇಜು, ಚಾಟ್ ನೋಡದೆ ಇಲ್ಲಿಗೆ ಹಾಕಿಬಿಟ್ಟೆ. ಸೆಕ್ರೆಟರಿ ಅಂಕಲ್, ನಿಮ್ಮ ಫೋಟೋ ಕೆಳಗೇ ಬಂದು ನಿಮಗೆ ಮುಜುಗರ ಆಗಿದ್ದರೆ ಕ್ಷಮಿಸಿ, ಆ ನೀಲಿ ಶರ್ಟೇ ಬೇರೆ. ಆಗ ಊಟ ಸೇರ್ತಿರಲಿಲ್ಲ, ಈಗಂತೂ ನೀರೂ ಇಳೀತಿಲ್ಲ. ಮೋಟಾರ್ ಎಷ್ಟು ಗಂಟೆಗೆ ಅಂತ ಹೇಳಿಬಿಡಿ.”

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಮಾತುಗಳ ಕ್ರಮ. ನಿಜ ಮೊದಲ ಸಾಲಿನಲ್ಲೇ ಬಂತು. ಯಾರಿಗೆ ಬರೆದದ್ದು, ಹೇಗೆ ಇಲ್ಲಿಗೆ ಬಂತು, ಅಷ್ಟೇ. ಹುಡುಗನ ಹೆಸರಿಲ್ಲ, ಅವರಿಬ್ಬರ ಕಥೆ ಇಲ್ಲ. ಎರಡನೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡ ಹಿರಿಯರನ್ನು ಎಲ್ಲರೆದುರು ಬಿಡಿಸಿದಳು. ಆಮೇಲೆ ಮಾತ್ರ ನಗು. ನಗು ಮೊದಲೇ ಬಂದಿದ್ದರೆ “ಇವಳಿಗೆ ಇದು ತಮಾಷೆ” ಅನ್ನಿಸುತ್ತಿತ್ತು. ಕೊನೆಯ ಸಾಲು ಎಲ್ಲರ ಕೈಗೂ ಒಂದು ಕೆಲಸ ಕೊಟ್ಟಿತು. ಮೋಟಾರಿಗೆ ಉತ್ತರ ಬೇಕಲ್ಲ. ಐದು ನಿಮಿಷದಲ್ಲಿ ಗುಂಪು ಮತ್ತೆ ನೀರಿನ ಮಾತಿಗೆ ಹೋಯಿತು.

ಆ ತಮಾಷೆ ಯಾರ ಮೇಲೆ ಬಿದ್ದಿದೆ, ಗಮನಿಸಿ. ಅವಳ ಅವತ್ತಿನ ಅವಸ್ಥೆಯ ಮೇಲೆ. ಅಂಕಲ್ ಮೇಲೆ ಅಲ್ಲ. “ಅಂಕಲ್ ಕೂಡ ಚೆನ್ನಾಗೇ ಕಾಣ್ತಿದ್ರು ಬಿಡಿ” ಅಂತ ಬರೆಯಬಹುದಿತ್ತು, ಗುಂಪು ಇನ್ನೂ ಜೋರಾಗಿ ನಗುತ್ತಿತ್ತು. ಅವರ ಹೆಂಡತಿ ನಗುತ್ತಿರಲಿಲ್ಲ. ಭಾವಿ ಗಂಡನ ಮೇಲೂ ಅಲ್ಲ. “ಅವನಿಗೆ ಇಷ್ಟೊಂದು ಹೊಗಳಿಕೆ ಬೇಕಾಗಿರಲಿಲ್ಲ” ಅಂದಿದ್ದರೆ, ಅಲ್ಲಿ ಇಲ್ಲದ ಮನುಷ್ಯನನ್ನು ಅಪರಿಚಿತರ ಮುಂದೆ ಹಗುರ ಮಾಡಿದ ಹಾಗೆ.

ಮುಜುಗರ ತೋರಿಸಿಕೊಂಡರೆ ಜನ ಕೀಳಾಗಿ ನೋಡುತ್ತಾರೆ ಅನ್ನುವ ಭಯ ನಮಗೆಲ್ಲ ಇದೆ. ಗುನ್ ಸೆಮಿನ್ ಮತ್ತು ಆಂಟನಿ ಮ್ಯಾನ್‌ಸ್ಟೆಡ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದರು. ಅಂಗಡಿಯಲ್ಲಿ ಜೋಡಿಸಿಟ್ಟ ಟಾಯ್ಲೆಟ್ ಪೇಪರ್ ರಾಶಿಯನ್ನು ಒಬ್ಬ ಗಿರಾಕಿ ತಿಳಿಯದೆ ಕೆಡವುವ ದೃಶ್ಯ ತೋರಿಸಿದರು. ಕೆಲವರಿಗೆ ಅವನು ಮುಜುಗರ ಪಡುವ ದೃಶ್ಯ, ಕೆಲವರಿಗೆ ಏನೂ ಆಗದವನಂತೆ ಇರುವ ದೃಶ್ಯ. ನೋಡಿದವರಿಗೆ ಹೆಚ್ಚು ಇಷ್ಟವಾದದ್ದು ಮುಜುಗರ ಪಟ್ಟವನೇ. “ಈಗಂತೂ ನೀರೂ ಇಳೀತಿಲ್ಲ” ಅನ್ನುವ ಸಾಲು ಮಾಡಿದ್ದೂ ಇದನ್ನೇ. ಇದು ತಪ್ಪು ಅಂತ ನನಗೂ ಗೊತ್ತು ಅಂತ ಅದು ಗುಂಪಿಗೆ ಹೇಳಿತು.

ಗುಂಪಿನ ಕೆಲಸ ಮುಗಿದ ಮೇಲೂ ಎರಡು ಮಾತು ಬಾಕಿ ಇತ್ತು. ಒಂದು, ಸೆಕ್ರೆಟರಿಯವರ ಮನೆಗೆ. ಆಕೆ ಫೋನ್ ಮಾಡಿದ್ದು ಅವರಿಗಲ್ಲ, ಅವರ ಹೆಂಡತಿಗೆ. ಇದು ಆಕೆಗೇ ಹೊಳೆದದ್ದು, ಯಾರೂ ಹೇಳಿಕೊಟ್ಟದ್ದಲ್ಲ. “ಆಂಟಿ, ಗುಂಪಲ್ಲಿ ಹಾಕಿದೀನಿ, ಆದ್ರೂ ನಿಮಗೊಂದು ಮಾತು ಹೇಳ್ಬೇಕು ಅನ್ನಿಸ್ತು” ಅಂದಳು. ಅವರು ನಕ್ಕು, “ಅದಿರ್ಲಿ ಬಿಡಮ್ಮ, ಇವರು ಇನ್ನು ಆ ಶರ್ಟ್ ಒಗೆಯೋಕೂ ಕೊಡಲ್ಲ ನೋಡು” ಅಂದರಂತೆ. ತಮಾಷೆ ಮಾಡುವ ಹಕ್ಕು ಇದ್ದದ್ದು ಆಂಟಿಗೆ, ಅವರೇ ಮಾಡಿದರು.

ಇನ್ನೊಂದು, ಭಾವಿ ಗಂಡನಿಗೆ. ಇದನ್ನು ತುಂಬಾ ಜನ ಮರೆಯುತ್ತಾರೆ. ಆ ಮಾತು ಅವನದ್ದೂ ಹೌದು. ಅವನಿಗೆ ಬರಬೇಕಿದ್ದ ಮಾತನ್ನು ಇಡೀ ಅಪಾರ್ಟ್‌ಮೆಂಟು ಅವನಿಗಿಂತ ಮೊದಲು ಓದಿತು. ನಾಳೆ ಅವನು ಮನೆಗೆ ಬಂದಾಗ ಗೇಟಿನಲ್ಲಿ ಯಾರಾದರೂ ಶರ್ಟಿನ ಕಡೆ ನೋಡಿ ನಕ್ಕರೆ ಏಕೆ ಅಂತ ಗೊತ್ತಿರಬೇಕು. ಅವತ್ತೇ ರಾತ್ರಿ ಹೇಳಿದಳು. ಅವನಿಗೆ ಸ್ವಲ್ಪ ಬೇಸರವಾಯಿತು. ಅದನ್ನು ಅವಳು “ಇಷ್ಟಕ್ಕೆಲ್ಲ ಯಾಕೆ” ಅಂತ ತಳ್ಳಿಹಾಕಲಿಲ್ಲ, ಕೇಳಿಸಿಕೊಂಡಳು.

ಇದೇ ಮೆಸೇಜು ಆಫೀಸಿಗೆ ಹೋಗಿದ್ದರೆ? ಇಲ್ಲಿ ಕೂತಿರುವ ಅರ್ಧ ಜನರಿಗೆ ಈ ಭಯವೇ ಜಾಸ್ತಿ ಅಂತ ನನಗೆ ಗೊತ್ತು. ಸಮಾನ ಸ್ನೇಹಿತರೇ ಇರುವ ಟೀಮಿನ ಊಟದ ಗುಂಪಾದರೆ ಮೇಲಿನದೇ ದಾರಿ. ಆದರೆ ಒಬ್ಬರಿಗೇ ಹೋಗಿದೆ, ಅವರು ನಿಮ್ಮ ಕೈಕೆಳಗೆ ಕೆಲಸ ಮಾಡುವವರು, ಅಥವಾ ಹೊಸದಾಗಿ ಸೇರಿದ ಹುಡುಗಿ, ಹಾಗಿದ್ದರೆ ನಗು ಪೂರ್ತಿ ಬಿಡಿ. ಏಕೆ ಅಂದರೆ, ನೀವು ತಮಾಷೆ ಮಾಡಿದರೆ ಅವರು ನಗಲೇಬೇಕಾಗುತ್ತದೆ. ಅವರ ಅಪ್ರೈಸಲ್ ನಿಮ್ಮ ಕೈಯಲ್ಲಿದೆ. ಆ ನಗುವಿನಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ.

ಅಲ್ಲಿ ಬರೆಯಬೇಕಾದ್ದು ಇಷ್ಟೇ: “ಈ ಮೆಸೇಜು ನಿಮಗೆ ಬರೆದದ್ದಲ್ಲ, ಮನೆಯವರಿಗೆ ಕಳಿಸಲು ಹೋಗಿ ತಪ್ಪಿ ಬಂತು. ಕ್ಷಮಿಸಿ. ನೀವು ಉತ್ತರ ಕೊಡಬೇಕಾಗಿಲ್ಲ.” ಕೊನೆಯ ಸಾಲು ಮುಖ್ಯ. “ಪರವಾಗಿಲ್ಲ ತಾನೇ?” ಅಂತ ಕೇಳಬೇಡಿ, ಹಾಗೆ ಕೇಳಿದರೆ ಪರವಾಗಿಲ್ಲ ಅನ್ನದೆ ಅವರಿಗೆ ಬೇರೆ ದಾರಿ ಇರುವುದಿಲ್ಲ. ಅವರ ಸೀಟಿನ ಹತ್ತಿರ ಹೋಗಿ ವಿವರಿಸಬೇಡಿ. ಹೀಗಾಯಿತು ಅಂತ ನೀವೇ ನಿಮ್ಮ ಮ್ಯಾನೇಜರಿಗೋ ಎಚ್‌ಆರ್‌ಗೋ ಎರಡು ಸಾಲು ತಿಳಿಸಿಬಿಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನೋಡುವುದು ಆ ನಡವಳಿಕೆ ಆಕೆಗೆ ಬೇಡವಾಗಿತ್ತೇ ಅನ್ನುವುದನ್ನು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಒಂದು ಸಲ ತಪ್ಪಿ ಹೋದ ಮೆಸೇಜಿಗೂ ಬೆನ್ನುಹತ್ತಿ ಪೀಡಿಸುವುದಕ್ಕೂ ದೊಡ್ಡ ವ್ಯತ್ಯಾಸ ಇದೆ. ಆ ವ್ಯತ್ಯಾಸ ಕಾಣುವುದು ನೀವು ಆಮೇಲೆ ನಡೆದುಕೊಂಡ ರೀತಿಯಲ್ಲಿ.

ಇದಕ್ಕೆ ಇನ್ನೊಂದು ಕಾರಣವೂ ಇದೆ. “ಅಯ್ಯೋ, ರಾಂಗ್ ಚಾಟ್” ಅನ್ನುವುದನ್ನು ಬೇಕಂತಲೇ ಮಾಡುವವರು ಇದ್ದಾರೆ. ಮೊದಲು ಒಂದು ತುಂಟ ಸಾಲು ಹಾಕುವುದು, ಎದುರಿನವರು ಹೇಗೆ ತೆಗೆದುಕೊಳ್ಳುತ್ತಾರೆ ನೋಡುವುದು, ಸಿಟ್ಟಾದರೆ ತಪ್ಪಿ ಬಂತು ಅನ್ನುವುದು. ಗೊತ್ತಿಲ್ಲದ ನಂಬರಿನಿಂದ ತಪ್ಪಿ ಬಂದಂತೆ ಒಂದು ಮೆಸೇಜು ಬಂದು, ಸಾರಿ ಕೇಳಿ, ಸ್ನೇಹ ಬೆಳೆಸಿ, ಕೊನೆಗೆ ಹಣ ಹೂಡಿಸುವ ಮೋಸವೂ ಹೀಗೇ ಶುರುವಾಗುತ್ತದೆ. ಇದನ್ನೆಲ್ಲ ಕಂಡ ಹೆಣ್ಣುಮಕ್ಕಳು ನಿಮ್ಮ ನಿಜವಾದ ತಪ್ಪನ್ನೂ ಅನುಮಾನದಿಂದಲೇ ನೋಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ನಿಜಕ್ಕೂ ತಪ್ಪಿ ಹೋದದ್ದಾದರೆ ಕ್ಷಮೆ ಕೇಳಿ ಅಲ್ಲಿಗೇ ನಿಲ್ಲಿಸುತ್ತೀರಿ. ನಾಟಕ ಆಡುವವನು ಅಲ್ಲಿಂದ ಮಾತು ಮುಂದುವರಿಸುತ್ತಾನೆ. “ಅಂದ ಹಾಗೆ ಹೇಗಿದೀರಾ” ಅಂದರೆ ಮುಗಿಯಿತು, ನೀವು ಎರಡನೆಯವರ ಸಾಲಿಗೆ ಸೇರಿದಿರಿ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಗೆಳತಿಗೆ ಬರೆದದ್ದು ಸೀದಾ ಆ ಹುಡುಗನಿಗೇ ಹೋದರೆ ಅಂತ. ಅಂದರೆ ಅವನ ಬಗ್ಗೆಯೇ ಬರೆದದ್ದು. ಹೌದು, ಅದೂ ಆಗುತ್ತದೆ, ಅವನ ಡಿಪಿ ನೋಡುತ್ತಾ ಅವನ ಚಾಟನ್ನೇ ತೆರೆದಿಟ್ಟುಕೊಂಡಿರುತ್ತೇವಲ್ಲ. ಇಲ್ಲಿ “ಅದು ನಿನ್ನ ಬಗ್ಗೆ ಅಲ್ಲ” ಅಂದರೆ ಸುಳ್ಳು. ಹೀಗೆ ಬರೆಯಿರಿ: “ಇದು ನನ್ನ ಫ್ರೆಂಡ್‌ಗೆ ಹೋಗಬೇಕಿತ್ತು, ನಿನಗೆ ಗೊತ್ತಾಗೋ ರೀತಿ ಇದಾಗಬಾರದಿತ್ತು. ಬರೆದದ್ದು ನಿಜ. ನಿನಗೆ ಹಾಗೇನೂ ಇಲ್ಲದಿದ್ದರೆ ಒಂದು ಥಂಬ್ಸ್ ಅಪ್ ಹಾಕು, ನಾಳೆ ಕಾಫಿಗೆ ಎಂದಿನ ಹಾಗೇ ಸಿಗೋಣ.” ಅವನಿಗೆ ಇಲ್ಲ ಅನ್ನುವ ದಾರಿಯನ್ನು ಸುಲಭ ಮಾಡಿಕೊಡಿ. ಥಂಬ್ಸ್ ಅಪ್ ಬಂತೋ, ಆ ವಿಷಯ ಮತ್ತೆ ಎತ್ತಬೇಡಿ.

ಇನ್ನೊಂದು ಪ್ರಶ್ನೆ ಬಂದಿದೆ, ಅದು ನನಗೆ ಇಷ್ಟವಾಯಿತು. ಇಂಥದ್ದು ನಮಗೆ ಬಂದರೆ ನಾವೇನು ಮಾಡಬೇಕು? ಒಬ್ಬರಿಗೇ ಬಂದಿದ್ದರೆ ಕೂಡಲೇ “ಇದು ನನಗೆ ಅಲ್ಲ ಅನ್ಸುತ್ತೆ, ಒಂದ್ಸಲ ನೋಡಿ” ಅಂತ ಬರೆಯಿರಿ. ಓದಿ ಸುಮ್ಮನಿದ್ದರೆ ನೀಲಿ ಟಿಕ್ ನೋಡುತ್ತಾ ಅವರು ಒದ್ದಾಡುತ್ತಾರೆ. ಗುಂಪಿನಲ್ಲಿ ಬಂದಿದ್ದರೆ ಅಲ್ಲಿ ಏನೂ ಹೇಳಬೇಡಿ, ಕಳಿಸಿದವರಿಗೇ ಫೋನ್ ಮಾಡಿ. ಅವರು ಫೋನ್ ಚಾರ್ಜಿಗೆ ಹಾಕಿ ಅಡುಗೆ ಮನೆಯಲ್ಲಿರಬಹುದು, ಗೊತ್ತೇ ಆಗಿರುವುದಿಲ್ಲ. ಖಾಸಗಿ ಚಿತ್ರ ಏನಾದರೂ ಇದ್ದು ಅವರು ಸಿಗದಿದ್ದರೆ ಅಡ್ಮಿನ್‌ಗೆ ಹೇಳಿ, ಗುಂಪಿನಲ್ಲಿ ಯಾರ ಮೆಸೇಜನ್ನಾದರೂ ಎಲ್ಲರಿಗೂ ಅಳಿಸಲು ಅಡ್ಮಿನ್‌ಗೆ ಆಗುತ್ತದೆ. ಸ್ಕ್ರೀನ್‌ಶಾಟ್ ತೆಗೆಯಬೇಡಿ. ನಿಮ್ಮನ್ನೇ ಪೀಡಿಸಲು ಕಳಿಸಿದ್ದು ಅನ್ನಿಸಿದರೆ ಮಾತ್ರ ಅದು ಬೇರೆ, ಆಗ ತೆಗೆದು ಇಟ್ಟುಕೊಳ್ಳಿ, ಸಾಕ್ಷಿಗೆ ಬೇಕಾಗುತ್ತದೆ. ಬೇರೆ ಗುಂಪಿಗೆ ಕಳಿಸಿ ನಗುವುದಕ್ಕೆ ತೆಗೆದರೆ, ಎಡವಿದವರು ಅಳಿಸಿದ್ದನ್ನು ನೀವು ಉಳಿಸಿಕೊಂಡ ಹಾಗಾಯಿತು. ಅಲ್ಲಿಂದ ಮುಂದೆ ಕ್ಷಮೆ ಕೇಳಬೇಕಾದವರು ನೀವು.